ಗಾಂಧಿ ಕ್ಲಾಸಿನಿಂದ ರಿಕ್ಲೈನರ್‌ವರೆಗೆ: ಟಿಕೆಟ್ ದುಡ್ಡು ಯಾವುದಕ್ಕೆ?

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂಟಿ ಪರದೆಯ ಚಿತ್ರಮಂದಿರ ಮತ್ತು ಮಲ್ಟಿಪ್ಲೆಕ್ಸ್ ಅಂದ ಕೂಡಲೇ ಮಾತು ಪಾಪ್‌ಕಾರ್ನ್ ರೇಟಿಗೋ, ಶಿಳ್ಳೆ ಚಪ್ಪಾಳೆಯ ನೆನಪಿಗೋ ಹೊರಳಿಬಿಡುತ್ತದೆ. ಅವೆರಡನ್ನೂ ಇವತ್ತು ಆಚೆಗಿಡೋಣ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಒಂದೇ ಹಾಲ್, ಒಂದೇ ಪರದೆ, ಒಂದೇ ಸಿನಿಮಾ ಇರುವಾಗ ಒಬ್ಬರು ಕಡಿಮೆ, ಇನ್ನೊಬ್ಬರು ಜಾಸ್ತಿ ದುಡ್ಡು ಕೊಡುವುದು ಯಾವುದಕ್ಕೆ? ಹಳೆಯ ಟಾಕೀಸಿನಲ್ಲಿ ಇದಕ್ಕೆ ಉತ್ತರ ಸ್ಪಷ್ಟವಾಗಿತ್ತು: ಪರದೆಯಿಂದ ಎಷ್ಟು ದೂರ ಕೂರುತ್ತೀರಿ ಅನ್ನುವುದಕ್ಕೆ. ಮಲ್ಟಿಪ್ಲೆಕ್ಸಿನಲ್ಲಿ ಅದು ಕುರ್ಚಿಗೆ, ವಾರಕ್ಕೆ, ಹೊತ್ತಿಗೆ ಕೊಡುವ ದುಡ್ಡು. ಈ ಬದಲಾವಣೆ ಕಣ್ಣಿಗೆ, ಕತ್ತಿಗೆ, ಕಿವಿಗೆ ಏನು ಮಾಡಿತು ಅನ್ನುವುದನ್ನು ಅಳತೆ ಹಿಡಿದು ನೋಡೋಣ.

ಕತ್ತು ನೋವಿನ ಲೆಕ್ಕ

ಮೊದಲು ಹಳೆಯ ಮಾದರಿಯ ಒಂದು ದೊಡ್ಡ ಹಾಲ್ ಕಲ್ಪಿಸಿಕೊಳ್ಳಿ. ಸ್ಕೋಪ್ ಚಿತ್ರದ ಅಗಲ 16 ಮೀಟರ್. ಸ್ಕೋಪಿನಲ್ಲಿ ಅಗಲ ಎತ್ತರದ 2.39 ಪಟ್ಟು, ಹಾಗಾಗಿ ಎತ್ತರ ಸುಮಾರು 6.7 ಮೀಟರ್. ಇಂಥ ಹಾಲ್‌ಗಳಲ್ಲಿ ನೆಲದ ಇಳಿಜಾರು ಕಡಿಮೆ. ಮುಂದಿನವರ ತಲೆ ಅಡ್ಡ ಬರಬಾರದೆಂದು ಪರದೆಯನ್ನೇ ಮೇಲಕ್ಕೆ ಎತ್ತಿರುತ್ತಾರೆ. ಚಿತ್ರದ ಕೆಳ ಅಂಚು ನೆಲದಿಂದ 1.8 ಮೀಟರ್ ಮೇಲಿದೆ ಎನ್ನಿ, ಆಗ ಮೇಲಂಚು 8.5 ಮೀಟರ್‌ಗೆ ಬರುತ್ತದೆ. ಕೂತವರ ಕಣ್ಣು ನೆಲದಿಂದ ಸುಮಾರು 1.15 ಮೀಟರ್ ಎತ್ತರದಲ್ಲಿರುತ್ತದೆ.

ಮೊದಲ ಸಾಲು ಪರದೆಯಿಂದ 6 ಮೀಟರ್ ದೂರದಲ್ಲಿದ್ದರೆ, ಅಲ್ಲಿ ಕೂತವರು ಚಿತ್ರದ ಮೇಲಂಚು ನೋಡಲು ಸುಮಾರು 51 ಡಿಗ್ರಿ ಮೇಲಕ್ಕೆ ದಿಟ್ಟಿಸಬೇಕು. ಚಿತ್ರಮಂದಿರ ವಿನ್ಯಾಸಕ್ಕೆ ಬಳಕೆಯಲ್ಲಿರುವ, ಸಿನಿಮಾ ಮತ್ತು ಟೀವಿ ತಂತ್ರಜ್ಞರ ಅಮೆರಿಕದ ಸಂಘವಾದ ಎಸ್‌ಎಮ್‌ಪಿಟಿಇ ಮಾರ್ಗಸೂಚಿಯ ಪ್ರಕಾರ ಈ ಕೋನ 35 ಡಿಗ್ರಿ ದಾಟಬಾರದು. 35ಕ್ಕೆ ಇಳಿಯಬೇಕಾದರೆ ನಮ್ಮ ಹಾಲಿನಲ್ಲಿ ಪರದೆಯಿಂದ ಹತ್ತೂವರೆ ಮೀಟರ್ ಹಿಂದೆ ಸರಿಯಬೇಕು. ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್ ಇದ್ದರೆ ಮೊದಲ ಐದು ಸಾಲು 35 ಡಿಗ್ರಿಯ ಮಿತಿ ಮೀರಿ ಸಿಕ್ಕಿಬೀಳುತ್ತವೆ, ಆರನೆಯ ಸಾಲು ತಪ್ಪಿಸಿಕೊಳ್ಳುತ್ತದೆ.

ಈ ಐದು ಸಾಲಿಗೆ ನಮ್ಮ ಜನ ಇಟ್ಟ ಹೆಸರು ಗಾಂಧಿ ಕ್ಲಾಸ್. ಕೋನ ಅಳೆಯದೆಯೇ ಮಾಲೀಕರು ಆ ಗೆರೆಯನ್ನು ಹೆಚ್ಚುಕಡಿಮೆ ಸರಿಯಾದ ಜಾಗದಲ್ಲೇ ಎಳೆದಿದ್ದರು. ಅಲ್ಲಿಂದ ಎದ್ದು ಹೋಗುವವರ ಕತ್ತೇ ಅಳತೆಗೋಲು. ಅಗ್ಗದ ಟಿಕೆಟ್ ಅಂದರೆ ಬಡವರಿಗೆ ಕೊಟ್ಟ ರಿಯಾಯಿತಿ ಎಂದು ಭಾವಿಸುವುದುಂಟು. ಆದರೆ ಅದು ದೋಷವಿರುವ ಮಾಲಿಗೆ ಹಾಕಿದ ಸರಿಯಾದ ಬೆಲೆ. ಈ ಅರ್ಥದಲ್ಲಿ ಹಳೆಯ ದರಪಟ್ಟಿ ಪ್ರಾಮಾಣಿಕವಾಗಿತ್ತು. ಈಗ ಬಹಳ ಕಡೆ ಕೆಳಗೊಂದು ದರ, ಬಾಲ್ಕನಿಗೊಂದು ದರ, ಎರಡೇ ಉಳಿದಿವೆ. ಗಾಂಧಿ ಕ್ಲಾಸಿನ ಹೆಸರು ಹೋಯಿತು, ಕೋನ ಹಾಗೇ ಇದೆ. ಅಂಥ ಹಾಲಿನಲ್ಲಿ ಎರಡನೆಯ ಸಾಲಿನಲ್ಲಿ ಕೂತವರು ಹತ್ತನೆಯ ಸಾಲಿನವರಷ್ಟೇ ದುಡ್ಡು ಕೊಟ್ಟಿರುತ್ತಾರೆ.

ಬಾಲ್ಕನಿ ನಿಜಕ್ಕೂ ಮೇಲೋ?

ಬಾಲ್ಕನಿಯ ಮೊದಲ ಸಾಲು ಪರದೆಯಿಂದ 22 ಮೀಟರ್, ಕೊನೆಯ ಸಾಲು 34 ಮೀಟರ್ ದೂರ ಎಂದು ಇಟ್ಟುಕೊಳ್ಳೋಣ. ಇಲ್ಲಿ ನೋಡಬೇಕಾದದ್ದು ಪರದೆಯ ಅಗಲ ಕಣ್ಣಿಗೆ ಎಷ್ಟು ಡಿಗ್ರಿ ತುಂಬುತ್ತದೆ ಅನ್ನುವುದನ್ನು. ಮೊದಲ ಸಾಲಿನಲ್ಲಿ ಅದು 40 ಡಿಗ್ರಿ, ಅಂದರೆ ತುಂಬ ಒಳ್ಳೆಯ ಜಾಗ. ಕೊನೆಯ ಸಾಲಿನಲ್ಲಿ 26 ಡಿಗ್ರಿಗಿಂತ ಸ್ವಲ್ಪ ಮೇಲೆ. ಅದೇ ಮಾರ್ಗಸೂಚಿ ಕನಿಷ್ಠ 30 ಡಿಗ್ರಿ ಇರಲಿ ಎನ್ನುತ್ತದೆ. ಅಂದರೆ ಒಂದೇ ದರದ ಬಾಲ್ಕನಿಯೊಳಗೆ ಹಾಲಿನ ಅತ್ಯುತ್ತಮ ಸೀಟೂ ಇದೆ, ಪರದೆ ಪೋಸ್ಟ್‌ಕಾರ್ಡಿನಷ್ಟು ಕಾಣುವ ಸೀಟೂ ಇದೆ. ಬಾಲ್ಕನಿಗೆ ಹೋಗುವುದಾದರೆ ಮುಂಚೆ ಹೋಗಿ ಮುಂದಿನ ಮೂರು ನಾಲ್ಕು ಸಾಲು ಹಿಡಿಯಬೇಕು ಎನ್ನುವುದು ಇದಕ್ಕೇ. ಗೋಡೆಗೆ ಒರಗಿ ಕೂರಲು ಹಿಂದೆ ಹೋದವರು ಹೆಚ್ಚು ದುಡ್ಡು ಕೊಟ್ಟು ಚಿಕ್ಕ ಸಿನಿಮಾ ನೋಡುತ್ತಾರೆ.

ಇನ್ನು ಸದ್ದು. ಅದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಮಾತು ಬರುವುದು ಪರದೆಯ ಹಿಂದಿನ ಸ್ಪೀಕರಿನಿಂದ. 34 ಮೀಟರ್ ದಾಟಲು ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಸೆಕೆಂಡಿಗೆ 24 ಚೌಕಟ್ಟಿನಂತೆ ಅಷ್ಟರಲ್ಲಿ ಚಿತ್ರ ಎರಡು ಚೌಕಟ್ಟಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಬಾಗಿಲು ದಡಾರನೆ ಮುಚ್ಚುವ ದೃಶ್ಯದಲ್ಲಿ ಗಮನಿಸಿ: ಹಿಂದಿನ ಸಾಲಿನಲ್ಲಿ ಬಾಗಿಲು ಮೊದಲು ಮುಚ್ಚುತ್ತದೆ, ಸದ್ದು ಆಮೇಲೆ ಬರುತ್ತದೆ. ಹಾಲಿನ ನಡುವಿನ ಜಾಗಕ್ಕೆ ಹೊಂದುವಂತೆ ಸದ್ದನ್ನು ಸ್ವಲ್ಪ ಮುಂಚಿತವಾಗಿ ಬಿಡಬಹುದು. 20 ಮೀಟರಿಗೆ ಹೊಂದಿಸಿದರೆ ಬಾಲ್ಕನಿಯ ಕೊನೆಗೆ ಒಂದು ಚೌಕಟ್ಟಿನಷ್ಟೇ ತಡ ಉಳಿಯುತ್ತದೆ. ಆದರೆ ಆಗ ಗಾಂಧಿ ಕ್ಲಾಸಿನಲ್ಲಿ ಸದ್ದು ಒಂದು ಚೌಕಟ್ಟು ಮುಂಚೆ, ತುಟಿ ಅಲುಗುವ ಮೊದಲೇ ಬರುತ್ತದೆ. ತಡವಾದ ಸದ್ದನ್ನು ನಾವು ಸಹಿಸುತ್ತೇವೆ, ದೂರದ ಸದ್ದು ತಡವಾಗುವುದು ಲೋಕರೂಢಿ. ಮುಂಚಿತವಾಗಿ ಬಂದ ಸದ್ದು ಮಾತ್ರ ಬೇಗ ಕಿರಿಕಿರಿ ಮಾಡುತ್ತದೆ. ಉದ್ದದ ಹಾಲಿನಲ್ಲಿ ಎಲ್ಲರಿಗೂ ಸರಿ ಹೊಂದಿಸುವ ಉಪಾಯವೇ ಇಲ್ಲ.

ಒಂಟಿ ಪರದೆಯ ಹಾಲಿನಲ್ಲಿ ನಿಜವಾಗಿ ತಪ್ಪಿಸಿಕೊಳ್ಳಬೇಕಾದ ಜಾಗ ಗಾಂಧಿ ಕ್ಲಾಸಲ್ಲ, ಬಾಲ್ಕನಿಯ ಅಡಿಯ ಕೊನೆಯ ಸಾಲುಗಳು. ತಲೆಯ ಮೇಲೆ ತಗ್ಗಾದ ಚಾವಣಿ ಇರುವುದರಿಂದ ಹಾಲಿನ ಮೇಲ್ಭಾಗದ ಸದ್ದು ಅಲ್ಲಿಗೆ ತಲುಪುವುದಿಲ್ಲ. ಪಕ್ಕದ ಗೋಡೆಯ ಸ್ಪೀಕರ್ ಮಾತ್ರ ಕಿವಿಗೆ ತೀರ ಹತ್ತಿರವಾಗಿ, ಮಾತು ಮಂದ, ಹಿನ್ನೆಲೆ ಸಂಗೀತ ಜೋರು ಆಗುತ್ತದೆ. ಸೀಟಿಗೆ ಹೋದ ಕೂಡಲೇ ಒಂದು ಪರೀಕ್ಷೆ ಮಾಡಬಹುದು. ಕೂತಲ್ಲಿಂದ ಪರದೆಯ ಮೇಲಂಚು ಪೂರ್ತಿ ಕಾಣುತ್ತಿದೆಯೇ ನೋಡಿ. ಬಾಲ್ಕನಿಯ ಅಂಚು ಅದನ್ನು ಒಂಚೂರು ಕತ್ತರಿಸುತ್ತಿದ್ದರೂ ಸದ್ದೂ ಕತ್ತರಿಸಿಕೊಂಡೇ ಬರುತ್ತದೆ ಎಂದು ತಿಳಿದು ನಾಲ್ಕು ಸಾಲು ಮುಂದಕ್ಕೆ ಬನ್ನಿ. ಕೆಳಗಿನ ಕ್ಲಾಸಿಗೆ ಸೀಟ್ ನಂಬರ್ ಇಲ್ಲದ ಹಾಲುಗಳಲ್ಲಿ ಇದಕ್ಕೆ ಯಾರೂ ತಕರಾರು ಮಾಡುವುದಿಲ್ಲ.

ಮೆಟ್ಟಿಲು ಬಂದಾಗ ಆದದ್ದು

ದೆಹಲಿಯ ಸಾಕೇತ್‌ನಲ್ಲಿ ಪಿವಿಆರ್ ಅನುಪಮ್ 1997ರಲ್ಲಿ ಶುರುವಾಯಿತು. ಭಾರತದಲ್ಲಿ ಮಲ್ಟಿಪ್ಲೆಕ್ಸ್ ಕತೆಯನ್ನು ಸಾಮಾನ್ಯವಾಗಿ ಅಲ್ಲಿಂದ ಹೇಳುತ್ತಾರೆ. ಹೆಚ್ಚು ಪರದೆ ಬಂದದ್ದು ಎಲ್ಲರಿಗೂ ಕಂಡಿತು. ನೋಡುವವರ ಮಟ್ಟಿಗೆ ಅದಕ್ಕಿಂತ ದೊಡ್ಡ ಬದಲಾವಣೆ ನೆಲದಲ್ಲಾಯಿತು. ಇಳಿಜಾರಿನ ಬದಲು ಮೆಟ್ಟಿಲು ಬಂತು. ಪ್ರತಿ ಸಾಲೂ ಮುಂದಿನ ಸಾಲಿಗಿಂತ 35 ಸೆಂಟಿಮೀಟರಿನಷ್ಟು ಮೇಲಿದ್ದರೆ ಮುಂದಿನವರ ತಲೆ ಅಡ್ಡ ಬರುವುದಿಲ್ಲ, ಪರದೆಯನ್ನು ಎತ್ತುವ ಅಗತ್ಯವೂ ಇಲ್ಲ.

ಇದಕ್ಕೂ ಒಂದು ಲೆಕ್ಕ ಹಾಕೋಣ. 180 ಸೀಟಿನ ಆಡಿ, ಅಂದರೆ ಮಲ್ಟಿಪ್ಲೆಕ್ಸಿನ ಒಂದು ಹಾಲ್, 12 ಸಾಲು, ಸಾಲಿಗೆ 15. ಪರದೆಯ ಅಗಲ 10 ಮೀಟರ್, ಎತ್ತರ 4.2, ಕೆಳ ಅಂಚು ನೆಲದಿಂದ 1 ಮೀಟರ್. ಮೊದಲ ಸಾಲು 4.5 ಮೀಟರ್ ದೂರ, ಸಾಲುಗಳ ನಡುವೆ 1.1 ಮೀಟರ್. ಮೊದಲ ಸಾಲಿನಲ್ಲಿ ಮೇಲಂಚಿನ ಕೋನ 42 ಡಿಗ್ರಿ. ಎರಡನೆಯ ಸಾಲಿಗೆ ಬರುವಷ್ಟರಲ್ಲೇ ಅದು 35ರ ಒಳಗೆ ಬಂದುಬಿಡುತ್ತದೆ. ಹನ್ನೆರಡನೆಯ ಸಾಲಿನಲ್ಲಿ ಪರದೆಯ ಅಗಲ 33 ಡಿಗ್ರಿ ದಾಟಿ ತುಂಬುತ್ತದೆ. ಅಂದರೆ ಈ ಚಿಕ್ಕ ಪರದೆ ಕೊನೆಯ ಸಾಲಿನವರಿಗೂ, ಹಳೆಯ ಹಾಲಿನ ದೊಡ್ಡ ಪರದೆ ಬಾಲ್ಕನಿಯ ಕೊನೆಯವರಿಗೆ ಕಾಣುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕಣ್ಣಿಗೆ ಮುಖ್ಯವಾದದ್ದು ಮೀಟರಲ್ಲ, ಡಿಗ್ರಿ. ಇನ್ನೊಂದು ಲಾಭ ಬೆಳಕಿನದು. 16 ಮೀಟರಿನ ಪರದೆಯ ವಿಸ್ತೀರ್ಣ ಇದರ ಎರಡೂವರೆ ಪಟ್ಟು. ಅಷ್ಟೇ ಹೊಳಪು ಬೇಕಾದರೆ ಪ್ರೊಜೆಕ್ಟರ್ ಎರಡೂವರೆ ಪಟ್ಟು ಬೆಳಕು ಕೊಡಬೇಕು. ದೊಡ್ಡ ಹಾಲಿನಲ್ಲಿ ಝೆನಾನ್ ಲ್ಯಾಂಪ್ ಹಳತಾದರೂ ಬದಲಿಸದೆ ಓಡಿಸಿದರೆ ರಾತ್ರಿಯ ದೃಶ್ಯಗಳೆಲ್ಲ ಕೆಸರಾಗುವುದು ಅದಕ್ಕೇ.

ಈಗ ಮಾಲೀಕರಿಗೆ ಒಂದು ವಿಚಿತ್ರ ತೊಂದರೆ ಎದುರಾಯಿತು. ಮೊದಲ ಸಾಲೊಂದು ಬಿಟ್ಟರೆ ಎಲ್ಲ ಸೀಟೂ ಚೆನ್ನಾಗಿದೆ. ಹಾಗಾದರೆ ಹೆಚ್ಚು ಕಡಿಮೆ ದರ ಯಾವುದರ ಮೇಲೆ ಹಾಕುವುದು? ದೃಷ್ಟಿಕೋನದಲ್ಲಿ ವ್ಯತ್ಯಾಸ ಉಳಿಯಲಿಲ್ಲ, ಹಾಗಾಗಿ ಕುರ್ಚಿಯಲ್ಲಿ ವ್ಯತ್ಯಾಸ ಮಾಡಬೇಕಾಯಿತು. ಶುಕ್ರವಾರದ ದರ, ಬೆಳಗಿನ ಆಟದ ದರ, ದೊಡ್ಡ ನಟರ ಚಿತ್ರದ ಮೊದಲ ವಾರದ ದರ, ಇವೂ ಅದೇ ಕೊರತೆಯ ಮಕ್ಕಳು.

ರಿಕ್ಲೈನರ್ ಎಂಬ ವ್ಯಾಪಾರ

ಮಾಮೂಲಿ ಸೀಟಿಗೆ 55 ಸೆಂಟಿಮೀಟರ್ ಅಗಲ, 1.1 ಮೀಟರ್ ಆಳ ಸಾಕು. ಕಾಲು ಚಾಚುವ ರಿಕ್ಲೈನರಿಗೆ 75 ಸೆಂಟಿಮೀಟರ್ ಅಗಲ, 1.9 ಮೀಟರ್‌ನಷ್ಟು ಆಳ ಬೇಕು. ನಮ್ಮ ಆಡಿಯ ಕೊನೆಯ ಎರಡು ಸಾಲು, ಅಂದರೆ 30 ಸೀಟು ತೆಗೆದರೆ ಆ ಜಾಗದಲ್ಲಿ ಹಿಡಿಸುವುದು 11 ರಿಕ್ಲೈನರ್. ಮಾಮೂಲಿ ಸೀಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಎಂದರೆ 30 ಸೀಟಿಗೆ 6,000. ಅದನ್ನು 11ರಿಂದ ವಸೂಲು ಮಾಡಲು ತಲಾ ಸುಮಾರು 545 ಬೇಕು. ಆದರೆ ರಿಕ್ಲೈನರನ್ನು 450ಕ್ಕೆ ಮಾರಿದರೂ ಲಾಭ ಹೇಗೆ?

ಯಾಕೆಂದರೆ ಹಾಲ್ ತುಂಬುವುದೇ ಅಪರೂಪ. ದೊಡ್ಡ ಸರಣಿಗಳು ಪ್ರಕಟಿಸುವ ಲೆಕ್ಕದಲ್ಲೇ ವರ್ಷದ ಸರಾಸರಿ ಭರ್ತಿ ಕಾಲುಭಾಗದ ಆಸುಪಾಸು. 180ರಲ್ಲಿ 60 ಜನ ಬರುವ ಆಟಕ್ಕೆ ತೆಗೆದುಹಾಕಿದ 30 ಸೀಟಿನಿಂದ ಒಂದು ಪೈಸೆಯೂ ನಷ್ಟವಿಲ್ಲ, ಬಂದವರಿಗೆ ಬೇರೆ ಸಾಲಿನಲ್ಲಿ ಜಾಗ ಇದ್ದೇ ಇದೆ. ಅವರಲ್ಲಿ 11 ಜನ 200ರ ಬದಲು 450 ಕೊಟ್ಟರೆ 2,750 ರೂಪಾಯಿ ಹೆಚ್ಚುವರಿ. ಭರ್ತಿಯಾದ ಆಟದಲ್ಲಿ ಮಾತ್ರ 1,050 ರೂಪಾಯಿ ನಷ್ಟ. ಅದು ವಾರಾಂತ್ಯದ ಕೆಲವೇ ಆಟ.

ಕರ್ನಾಟಕದ ನಿಯಮವನ್ನು ಈ ಲೆಕ್ಕದ ಪಕ್ಕ ಇಟ್ಟು ಓದಬೇಕು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಸಿನಿಮಾ ನಿಯಂತ್ರಣ ನಿಯಮಗಳಿಗೆ ತಿದ್ದುಪಡಿ ತಂದು, ಮಲ್ಟಿಪ್ಲೆಕ್ಸೂ ಸೇರಿದಂತೆ ಎಲ್ಲ ಚಿತ್ರಮಂದಿರಗಳಲ್ಲಿ ತೆರಿಗೆ ಬಿಟ್ಟು 200 ರೂಪಾಯಿ ಗರಿಷ್ಠ ದರ ಎಂದಿತು. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ ಇತ್ತು. ಅದೇ ತಿಂಗಳ 23ರಂದು ಹೈಕೋರ್ಟ್ ಇದಕ್ಕೆ ಮಧ್ಯಂತರ ತಡೆ ಕೊಟ್ಟಿತು. ತಡೆಯ ಮಾತು ಹಾಗಿರಲಿ, ಆ 75 ಅನ್ನುವ ಅಂಕಿಯನ್ನು ನೋಡಿ. ನಮ್ಮ ಆಡಿಯನ್ನು ಪೂರ್ತಿ ರಿಕ್ಲೈನರ್ ಮಾಡಿದರೆ ಆರು ಸಾಲು, ಸಾಲಿಗೆ 11, ಒಟ್ಟು 66 ಸೀಟು. ವಿನಾಯಿತಿಯ ಒಳಗೆ ಆರಾಮಾಗಿ ಕೂರುತ್ತದೆ. 180 ಸೀಟು ಭರ್ತಿಯಾದಾಗ 200ರಂತೆ ಬರುವ 36,000ವನ್ನು 66 ಸೀಟಿನಿಂದ ತಲಾ 545ಕ್ಕೆ ತೆಗೆಯಬಹುದು, ಅದೂ ಹಾಲ್ ತುಂಬಲು 66 ಜನ ಸಾಕು. ಟಿಕೆಟ್ ಅಗ್ಗ ಮಾಡಲು ಹೊರಟ ನಿಯಮ ಹೀಗೆ ಅಗ್ಗದ ಸೀಟುಗಳನ್ನೇ ಕಿತ್ತುಹಾಕಲು ಕಾರಣ ಒದಗಿಸಬಲ್ಲದು. ಮಿತಿ ಬೇಡ ಎಂದು ನನ್ನ ವಾದವಲ್ಲ. ಸೀಟಿನ ಸಂಖ್ಯೆಗೆ ಗಂಟು ಹಾಕಿದ ವಿನಾಯಿತಿ ಕುರ್ಚಿಯ ಅಗಲವನ್ನೂ ತೀರ್ಮಾನಿಸುತ್ತದೆ ಎನ್ನುತ್ತಿದ್ದೇನೆ.

ತೆರಿಗೆಯೂ ಇಂಥದೇ ಒಂದು ಗೆರೆ ಎಳೆದಿದೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಾದರೆ ಶೇ 18. ಮೂಲ ದರ 100 ಆದರೆ ನೋಡುಗರು 105 ಕೊಡುತ್ತಾರೆ. 101 ಮಾಡಿದರೆ 119 ರೂಪಾಯಿ ದಾಟುತ್ತದೆ. ಮಾಲೀಕರಿಗೆ ಒಂದು ರೂಪಾಯಿ ಹೆಚ್ಚು ಸಿಗಲು ನೋಡುಗರು ಹದಿನಾಲ್ಕು ರೂಪಾಯಿ ಹೆಚ್ಚು ತೆರಬೇಕು. ಒಂಟಿ ಪರದೆಯ ಹಾಲುಗಳಿಗೆ ಈ ಗೆರೆ ಮಲ್ಟಿಪ್ಲೆಕ್ಸಿಗಿಂತ ಹೆಚ್ಚು ಮುಖ್ಯ. ಬಾಲ್ಕನಿಗೆ 110 ಇಟ್ಟು ಕೆಳಗೆ 90 ಇಡುವ ಬದಲು ಎರಡನ್ನೂ ನೂರಕ್ಕೆ ತಂದು ನಿಲ್ಲಿಸುವ ಆಸೆ ಸಹಜ. ಹಾಗೆ ಮಾಡಿದ ದಿನ ಗಾಂಧಿ ಕ್ಲಾಸಿನ ಕತ್ತು ನೋವಿಗೂ ಬಾಲ್ಕನಿಯ ಮುಂದಿನ ಸಾಲಿಗೂ ಒಂದೇ ಬೆಲೆ.

ನಲವತ್ತು ಜನರ ನಗು

ದರ ಮತ್ತು ಸೀಟ್ ನಂಬರ್ ಸೇರಿ ಇನ್ನೊಂದು ಕೆಲಸ ಮಾಡುತ್ತವೆ. ನಂಬರಿಲ್ಲದ ಹಾಲಿನಲ್ಲಿ 40 ಜನ ಬಂದರೆ ಫ್ಯಾನಿನ ಕೆಳಗೋ ನಡುವಿನ ಸಾಲಿನಲ್ಲೋ ತಾವಾಗಿಯೇ ಒತ್ತೊತ್ತಾಗಿ ಸೇರುತ್ತಾರೆ. ಆ್ಯಪಿನಲ್ಲಿ ಬುಕ್ ಮಾಡುವ 40 ಜನ ಹಾಗಲ್ಲ. ಪ್ರತಿಯೊಬ್ಬರೂ ತುಂಬಿದ ಸೀಟಿನಿಂದ ಎರಡು ಬಿಟ್ಟು ಆರಿಸುತ್ತಾರೆ, ಜೋಡಿಗಳು ಮೂಲೆ ಹಿಡಿಯುತ್ತಾರೆ, ಹಣವಿದ್ದವರು ಹಿಂದಿನ ರಿಕ್ಲೈನರಿಗೆ ಹೋಗುತ್ತಾರೆ. ಜೊತೆಗೆ, ಮಲ್ಟಿಪ್ಲೆಕ್ಸಿನ ಗೋಡೆ ಬಟ್ಟೆ ಹೊದಿಸಿ ಸದ್ದು ಹೀರುವಂತೆ ಮಾಡಿದ್ದು. ಸಿನಿಮಾದ ಸದ್ದಿಗೆ ಅದು ಒಳ್ಳೆಯದು, ಜನರ ಸದ್ದಿಗೆ ಅಲ್ಲ. ಒಬ್ಬರ ನಗು ಐದು ಸೀಟು ದಾಟುವ ಮೊದಲೇ ಸಾಯುತ್ತದೆ. ಹಾಸ್ಯಚಿತ್ರ ಇಲ್ಲಿ ಚಪ್ಪೆಯಾಗುತ್ತದೆ, ಪಿಸುಮಾತಿನ ಚಿತ್ರ ಗೆಲ್ಲುತ್ತದೆ. ಒಂಟಿ ಪರದೆಯಲ್ಲಿ ಇದು ಉಲ್ಟಾ. ಗಾಂಧಿ ಕ್ಲಾಸಿನ ಶಿಳ್ಳೆ ಬಾಲ್ಕನಿಗೂ ಕೇಳುತ್ತದೆ, ಬೇಕಿದ್ದರೂ ಬೇಡದಿದ್ದರೂ.

ಸೀಟು ಆರಿಸುವಾಗ

ಬುಕಿಂಗ್ ಆ್ಯಪಿನ ನಕ್ಷೆ ದೂರವನ್ನು ತೋರಿಸುವುದಿಲ್ಲ, ಸಾಲುಗಳನ್ನು ಸಮನಾಗಿ ಬಿಡಿಸಿಡುತ್ತದೆ. ‘ಎ’ ಸಾಲು ಕೆಲವು ಕಡೆ ಮುಂದೆ, ಕೆಲವು ಕಡೆ ಹಿಂದೆ ಇರುತ್ತದೆ, ಆದ್ದರಿಂದ ಅಕ್ಷರ ನಂಬದೆ ಪರದೆಯ ಗುರುತು ಎಲ್ಲಿದೆ ನೋಡಿ. ನಮ್ಮ 12 ಸಾಲಿನ ಆಡಿಯಲ್ಲಿ ಪರದೆಯಿಂದ ಎಣಿಸಿದರೆ 8ರಿಂದ 10ನೇ ಸಾಲಿನ ನಡುಭಾಗದಲ್ಲಿ ಚಿತ್ರ 38ರಿಂದ 45 ಡಿಗ್ರಿ ತುಂಬುತ್ತದೆ. ಸದ್ದನ್ನು ಹೊಂದಿಸುವುದೂ ಸಾಮಾನ್ಯವಾಗಿ ಹಾಲಿನ ಮೂರನೇ ಎರಡು ಭಾಗದ ಆಸುಪಾಸಿನ ಜಾಗಕ್ಕೆ. ಅಂದರೆ ಅತ್ಯುತ್ತಮ ಜಾಗ ಮಾಮೂಲಿ ದರದಲ್ಲೇ ಸಿಗುತ್ತದೆ, ರಿಕ್ಲೈನರ್ ಇರುವುದು ಅದರ ಹಿಂದೆ.

ಇಲ್ಲೊಂದು ತಮಾಷೆ ಇದೆ. ಒರಗಿ ಕೂತರೆ ದೃಷ್ಟಿ ತಾನಾಗಿ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಒರಗುವ ಕುರ್ಚಿ ನಿಜಕ್ಕೂ ಬೇಕಾದದ್ದು 42 ಡಿಗ್ರಿ ಮೇಲೆ ನೋಡಬೇಕಾದ ಮೊದಲ ಸಾಲಿಗೆ. ಕೆಲವು ಕಡೆ ಮೊದಲ ಸಾಲಿನಲ್ಲೂ ಮಲಗುಕುರ್ಚಿ ಹಾಕಿರುವುದು ಲೆಕ್ಕಕ್ಕೆ ಸರಿ. ಕತ್ತಿನ ಸಮಸ್ಯೆ ಅದರಿಂದ ತೀರುತ್ತದೆ, ಆದರೆ ಪರದೆ 96 ಡಿಗ್ರಿ ಹರಡಿರುವುದರಿಂದ ಇಬ್ಬರು ಮಾತಾಡುವಾಗ ತಲೆ ಆಚೀಚೆ ತಿರುಗಿಸುವುದು ತಪ್ಪುವುದಿಲ್ಲ. ಕೊನೆಯ ಸಾಲಿನಲ್ಲಿ ಕತೆ ಬೇರೆ. ಮೆಟ್ಟಿಲು ಹತ್ತಿ ಹತ್ತಿ ಅಲ್ಲಿ ಕಣ್ಣು ಚಿತ್ರದ ಮೇಲಂಚಿನ ಮಟ್ಟಕ್ಕೇ ಬಂದಿರುತ್ತದೆ, ಚಿತ್ರದ ನಡುಭಾಗ ನೋಡಲು ಸ್ವಲ್ಪ ಕೆಳಗೆ ದಿಟ್ಟಿಸಬೇಕು. ಬೆನ್ನು ಹಿಂದಕ್ಕೆ, ದೃಷ್ಟಿ ಕೆಳಕ್ಕೆ, ಇವೆರಡರ ನಡುವೆ ಕತ್ತು ಮುಂದಕ್ಕೆ ಬಾಗುತ್ತದೆ. ಜೊತೆಗೆ ಒರಗಿದಾಗ ಕಣ್ಣು ಕೆಳಗಿಳಿದು ಪಾದ ಮೇಲೇರುತ್ತದೆ. ಮೆಟ್ಟಿಲಿನ ಎತ್ತರ ಕಡಿಮೆ ಇರುವ ಆಡಿಗಳಲ್ಲಿ ಮುಂದಿನ ಸಾಲಿನ ತಲೆದಿಂಬೋ ನಿಮ್ಮದೇ ಕಾಲ್ಬೆರಳೋ ಚಿತ್ರದ ಕೆಳ ಅಂಚಿಗೆ ಅಡ್ಡ ಬರುತ್ತದೆ. ಅಡಿಬರಹ ಇರುವುದು ಅಲ್ಲೇ. ಬೇರೆ ಭಾಷೆಯ ಚಿತ್ರಕ್ಕೆ ಹೋದ ರಿಕ್ಲೈನರ್ ಗಿರಾಕಿಗಳು ಹತ್ತು ನಿಮಿಷದಲ್ಲಿ ಬಟನ್ ಒತ್ತಿ ಕುರ್ಚಿಯನ್ನು ನೆಟ್ಟಗೆ ಮಾಡಿಕೊಳ್ಳುವುದನ್ನು ಯಾವ ಆಡಿಯಲ್ಲಾದರೂ ನೋಡಬಹುದು.